ಮೂರನೇ ದಿನದ ಎಕೋದಲ್ಲಿ ಪಿಡಿಎ, ಪಿಎಫ್‌ಒ: ಮಗುವಿನ ಹೃದಯದಲ್ಲಿ ತೂತಿದೆಯೇ?

ಪ್ರಶ್ನೆ: ಡಾಕ್ಟ್ರೇ, ನಮಗೆ ಹೋದ ವಾರ ಹೆಣ್ಣು ಮಗು ಆಗಿದೆ. 38 ವಾರಕ್ಕೆ ಸಿಸೇರಿಯನ್, ತೂಕ 2.9 ಕೆ.ಜಿ. ಹುಟ್ಟಿದ ಕೂಡಲೇ ಅಳಲಿಲ್ಲ. ಮಾಸ್ಕ್ ಇಟ್ಟು ಗಾಳಿ ಕೊಟ್ಟರು, ಆಮೇಲೆ ಅತ್ತಳು. ಮೂರನೇ ದಿನ ಎದೆಯಲ್ಲಿ ಮರ್ಮರ್ ಕೇಳುತ್ತಿದೆ ಅಂತ ಎಕೋ ಮಾಡಿಸಿದರು. ವರದಿಯಲ್ಲಿ "ಪಿಎಫ್‌ಒ 3 ಮಿ.ಮೀ., ಸಣ್ಣ ಪಿಡಿಎ 1.5 ಮಿ.ಮೀ., ಎರಡೂ ಎಡದಿಂದ ಬಲಕ್ಕೆ, ಶ್ವಾಸಕೋಶದ ಒತ್ತಡ ಸಹಜ, ಮಹಾಪಧಮನಿಯ ಕಮಾನು ಸಹಜ" ಅಂತಿದೆ. ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ತಡವಾಗಿ ಅತ್ತಿದ್ದಕ್ಕೇ ಹೃದಯದಲ್ಲಿ ತೂತಾಯಿತು ಅಂತಾರೆ ನಮ್ಮಮ್ಮ. ಎಂಟನೇ ತಿಂಗಳಲ್ಲಿ ಸೊಂಟನೋವಿಗೆ ಒಂದೆರಡು ದಿನ ನೋವಿನ ಮಾತ್ರೆ ತಗೊಂಡಿದ್ದಕ್ಕೇ ಹೀಗಾಯಿತು ಅಂತ ಹೆಂಡತಿ ಅಳ್ತಾಳೆ. ಪರಿಚಯದ ನರ್ಸ್ ಒಬ್ಬರು ಪ್ಯಾರಾಸಿಟಮಾಲ್ ಡ್ರಾಪ್ಸ್ ಕೊಟ್ಟರೆ ಮುಚ್ಚಿಕೊಳ್ಳುತ್ತೆ ಅಂದರು. ಕೊಡಬಹುದಾ? ಮೂರು ತಿಂಗಳು ಸುಮ್ಮನೆ ಕೂರೋದು ಸರೀನಾ?
— ಹಾಸನ ಜಿಲ್ಲೆಯ ಒಬ್ಬ ತಂದೆ

ಉತ್ತರ: ಮೊದಲು ಡ್ರಾಪ್ಸ್ ವಿಚಾರ ಮುಗಿಸಿಬಿಡೋಣ: ಕೊಡಬೇಡಿ. ನಿಮ್ಮ ಮಗುವಿಗೆ ಅದರಿಂದ ಪ್ರಯೋಜನವಿಲ್ಲ, ತೊಂದರೆ ಆಗಬಹುದು. ಯಾಕೆ ಅನ್ನುವುದು ಮುಂದೆ ಬರುತ್ತದೆ. ನಿಮ್ಮ ಮನೆಯವರಿಗೆ ಇವತ್ತೇ ಹೇಳಬೇಕಾದ ಮಾತು ಇನ್ನೊಂದಿದೆ. ಅವರು ನುಂಗಿದ ಮಾತ್ರೆ ಈ ಪಿಡಿಎಗೆ ಕಾರಣವಲ್ಲ. ಅಂಥ ಮಾತ್ರೆ ಏನಾದರೂ ಮಾಡಿದರೆ ಇದಕ್ಕೆ ಉಲ್ಟಾ ಪರಿಣಾಮ ಮಾಡುತ್ತದೆ.

ವರದಿಯಲ್ಲಿರುವ ಎರಡೂ ದಾರಿಗಳು ನಿಮ್ಮ ಮಗುವಿನ ಹೃದಯದಲ್ಲಿ ಹೊಸದಾಗಿ ಬಿದ್ದ ತೂತುಗಳಲ್ಲ. ನನಗೂ, ನಿಮಗೂ, ಹುಟ್ಟಿದ ಪ್ರತಿ ಮಗುವಿಗೂ ಗರ್ಭದಲ್ಲಿ ಇವು ಇದ್ದೇ ಇದ್ದವು. ಇಲ್ಲದಿದ್ದರೆ ಅಲ್ಲಿ ಬದುಕಲು ಆಗುತ್ತಿರಲಿಲ್ಲ. ನಿಮ್ಮ ಮಗುವಿನ ಎಕೋ ಆದದ್ದು ಮೂರನೇ ದಿನ, ಅಂದರೆ ಇವು ಮುಚ್ಚಿಕೊಳ್ಳುವ ಕೆಲಸ ಇನ್ನೂ ನಡೆಯುತ್ತಿದ್ದಾಗ. ಇದೇ ವರದಿ ಒಂದು ವರ್ಷದ ಮಗುವಿನದಾಗಿದ್ದರೆ ನಾನು ಬೇರೆ ರೀತಿ ಮಾತಾಡುತ್ತಿದ್ದೆ.

ಗರ್ಭದಲ್ಲಿ ಮಗುವಿನ ಶ್ವಾಸಕೋಶದ ತುಂಬ ಗಾಳಿಯ ಬದಲು ದ್ರವ ಇರುತ್ತದೆ. ಆಮ್ಲಜನಕ ಬರುವುದು ಮಾಸಿನಿಂದ, ಹೊಕ್ಕುಳಬಳ್ಳಿಯ ಅಭಿಧಮನಿಯ ಮೂಲಕ. ಆ ರಕ್ತದಲ್ಲೂ ಆಮ್ಲಜನಕದ ಮಟ್ಟ ಹೆಚ್ಚೆಂದರೆ 80 ಪರ್ಸೆಂಟ್ ಆಸುಪಾಸು. ಇರುವಷ್ಟರಲ್ಲಿ ಒಳ್ಳೆಯ ರಕ್ತ ಮೆದುಳಿಗೂ ಹೃದಯದ ಸ್ನಾಯುವಿಗೂ ಮೊದಲು ಸೇರಬೇಕು. ಅದಕ್ಕಾಗಿ ಮೂರು ಅಡ್ಡದಾರಿಗಳಿವೆ. ಮೊದಲನೆಯದು ಪಿತ್ತಜನಕಾಂಗದ ಹತ್ತಿರ ಇರುವ ಡಕ್ಟಸ್ ವೀನೋಸಸ್. ಮಾಸಿನಿಂದ ಬಂದ ರಕ್ತದ ಒಂದು ಪಾಲು ಪಿತ್ತಜನಕಾಂಗದೊಳಗೆ ಸುತ್ತದೆ ಇದರ ಮೂಲಕ ನೇರ ಹೃದಯಕ್ಕೆ ಹೋಗುತ್ತದೆ. ಇದು ನಿಮ್ಮ ವರದಿಯಲ್ಲಿಲ್ಲ, ಸಾಮಾನ್ಯವಾಗಿ ಒಂದು ವಾರದೊಳಗೆ ತಾನೇ ಮುಚ್ಚಿಹೋಗುತ್ತದೆ. ಎರಡನೆಯದು ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಫೊರಾಮೆನ್ ಓವೇಲ್. ಹೀಗೆ ಬಂದ ಒಳ್ಳೆಯ ರಕ್ತ ಬಲ ಕೋಣೆಯಿಂದ ಇದರ ಮೂಲಕ ಎಡಕ್ಕೆ ದಾಟಿ, ಅಲ್ಲಿಂದ ಮೆದುಳಿನತ್ತ ಹೊರಡುತ್ತದೆ. ಇದು ತೆರೆದೇ ಇದ್ದರೆ ಪಿಎಫ್‌ಒ ಎಂದು ಬರೆಯುತ್ತೇವೆ.

ಮೂರನೆಯದು ಡಕ್ಟಸ್ ಆರ್ಟೀರಿಯೋಸಸ್. ಶ್ವಾಸಕೋಶಕ್ಕೆ ಹೋಗುವ ದೊಡ್ಡ ಧಮನಿಯನ್ನೂ ದೇಹಕ್ಕೆ ರಕ್ತ ಒಯ್ಯುವ ಮಹಾಪಧಮನಿಯನ್ನೂ ಜೋಡಿಸುವ ಸಣ್ಣ ನಾಳ ಇದು. ದ್ರವ ತುಂಬಿದ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಂಡಿರುತ್ತವೆ, ಹೃದಯ ಹೊರಹಾಕುವ ರಕ್ತದಲ್ಲಿ ಹತ್ತರಲ್ಲಿ ಒಂದೆರಡು ಪಾಲು ಮಾತ್ರ ಅಲ್ಲಿಗೆ ಹೋಗುತ್ತದೆ. ಬಲಗಡೆಯಿಂದ ಹೊರಟ ಉಳಿದ ರಕ್ತವೆಲ್ಲ ಈ ನಾಳದ ಮೂಲಕ ಮಹಾಪಧಮನಿಗೆ ಇಳಿದು ಕೆಳದೇಹಕ್ಕೂ ಮಾಸಿಗೂ ಹೋಗುತ್ತದೆ. ಹುಟ್ಟಿದ ಮೇಲೂ ಈ ನಾಳ ತೆರೆದಿದ್ದರೆ ಅದೇ ಪಿಡಿಎ.

ಇನ್ನು ಹುಟ್ಟಿದ ಆ ಕೆಲವು ನಿಮಿಷ. ಮಗು ಮೊದಲ ಉಸಿರು ಎಳೆದಾಗ ಗಾಳಿ ಒಳಗೆ ನುಗ್ಗಿ ದ್ರವವನ್ನು ಸುತ್ತಲಿನ ಅಂಗಾಂಶಕ್ಕೆ ತಳ್ಳುತ್ತದೆ. ಶ್ವಾಸಕೋಶ ಹಿಗ್ಗುತ್ತದೆ, ಆಮ್ಲಜನಕ ತಾಗುತ್ತದೆ, ಬಿಗಿದುಕೊಂಡಿದ್ದ ರಕ್ತನಾಳಗಳು ಸಡಿಲವಾಗುತ್ತವೆ. ಅಲ್ಲಿಗೆ ಹರಿಯುವ ರಕ್ತ ಎಂಟು ಹತ್ತು ಪಟ್ಟು ಏರುತ್ತದೆ. ಅಷ್ಟೂ ರಕ್ತ ಮರಳಿ ಬರುವುದು ಹೃದಯದ ಎಡಗಡೆಗೆ, ಹಾಗಾಗಿ ಎಡ ಮೇಲ್ಕೋಣೆಯ ಒತ್ತಡ ಏರುತ್ತದೆ. ಇತ್ತ ಹೊಕ್ಕುಳಬಳ್ಳಿ ಕಟ್ಟಿದಾಗ ಮಾಸಿನಿಂದ ಬಲಗಡೆಗೆ ಬರುತ್ತಿದ್ದ ರಕ್ತ ನಿಲ್ಲುತ್ತದೆ, ಅಲ್ಲಿನ ಒತ್ತಡ ಇಳಿಯುತ್ತದೆ. ಫೊರಾಮೆನ್ ಓವೇಲ್‌ನ ಎಡಬದಿಯಲ್ಲಿ ತೆಳುವಾದ ಒಂದು ಪರದೆ ಇದೆ. ಎಡಗಡೆಯ ಒತ್ತಡ ಹೆಚ್ಚಾದಾಗ ಅದು ಗೋಡೆಗೆ ಒತ್ತಿಕೊಳ್ಳುತ್ತದೆ. ಚಿಲಕ ಹಾಕದೆ ಬರೀ ಎಳೆದುಕೊಂಡ ಬಾಗಿಲು ಇದ್ದಂತೆ: ಮುಚ್ಚಿದೆ, ಆದರೆ ಅಂಚಿನಲ್ಲಿ ಸ್ವಲ್ಪ ಸಂದಿ ಇದೆ. ನಿಮ್ಮ ವರದಿಯ 3 ಮಿ.ಮೀ. ಆ ಸಂದಿ. ಪರದೆ ಗೋಡೆಗೆ ಪೂರ್ತಿ ಅಂಟಿಕೊಳ್ಳಲು ತಿಂಗಳುಗಳು ಬೇಕು. ದೊಡ್ಡವರಲ್ಲೇ ನಾಲ್ವರಲ್ಲಿ ಒಬ್ಬರಿಗೆ ಅದು ಪೂರ್ತಿ ಅಂಟಿರುವುದಿಲ್ಲ, ಅವರಲ್ಲಿ ಹೆಚ್ಚಿನವರಿಗೆ ಅದು ಇದೆ ಎಂದು ಗೊತ್ತೂ ಇರುವುದಿಲ್ಲ. ನಿಮ್ಮ ಪಿಎಫ್‌ಒ ಬಗ್ಗೆ ನಾನು ಹೇಳುವುದು ಇಷ್ಟೇ.

ಪಿಡಿಎ ಸ್ವಲ್ಪ ಬೇರೆ. ಅದಕ್ಕೆ ಪರದೆ ಇಲ್ಲ, ಅದು ಸ್ನಾಯುವಿನ ಗೋಡೆಯುಳ್ಳ ನಾಳ. ಗರ್ಭದಲ್ಲಿ ಅದನ್ನು ತೆರೆದಿಟ್ಟಿರುವುದು ಎರಡು ಸಂಗತಿಗಳು: ರಕ್ತದಲ್ಲಿ ಆಮ್ಲಜನಕ ಕಡಿಮೆ ಇರುವುದು, ಮತ್ತು ಮಾಸಿನಿಂದ ಬರುವ ಪ್ರೋಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ. ಹುಟ್ಟಿದ ಮೇಲೆ ಎರಡೂ ಒಟ್ಟಿಗೇ ತಿರುಗುತ್ತವೆ. ಆಮ್ಲಜನಕ ಏರುತ್ತದೆ. ಮಾಸು ಹೋದ ಮೇಲೆ ಪ್ರೋಸ್ಟಾಗ್ಲಾಂಡಿನ್ ಪೂರೈಕೆ ನಿಲ್ಲುತ್ತದೆ, ಉಳಿದದ್ದನ್ನು ಈಗ ಭರ್ತಿ ರಕ್ತ ಹರಿಯುತ್ತಿರುವ ಶ್ವಾಸಕೋಶವೇ ಒಡೆದುಹಾಕುತ್ತದೆ. ಸ್ನಾಯು ಬಿಗಿಯತೊಡಗುತ್ತದೆ. ತಿಂಗಳು ತುಂಬಿದ ಹೆಚ್ಚಿನ ಮಕ್ಕಳಲ್ಲಿ ಮೂರು ದಿನದೊಳಗೆ ರಕ್ತ ಹರಿಯುವುದು ನಿಲ್ಲುತ್ತದೆ. ಆಮೇಲಿನದು ನನಗೆ ಇವತ್ತಿಗೂ ಸೋಜಿಗ. ಸ್ನಾಯು ಎಷ್ಟು ಬಿಗಿಯುತ್ತದೆಂದರೆ ಗೋಡೆಯ ಒಳಪದರಕ್ಕೇ ಆಮ್ಲಜನಕ ಸಿಗದೆ ಅಲ್ಲಿನ ಕೋಶಗಳು ಸಾಯುತ್ತವೆ, ಆ ಜಾಗದಲ್ಲಿ ನಾರು ಬೆಳೆಯುತ್ತದೆ. ಎರಡು ಮೂರು ವಾರದಲ್ಲಿ ನಾಳ ಹೋಗಿ ಒಂದು ಹುರಿ ಉಳಿಯುತ್ತದೆ. ಮತ್ತೆ ತೆರೆಯದಂತೆ ನೋಡಿಕೊಳ್ಳುವುದು ಈ ಕೊನೆಯ ಹಂತ.

ನಿಮ್ಮ ಮಗುವಿನಲ್ಲಿ ಮೂರನೇ ದಿನ 1.5 ಮಿ.ಮೀ. ಉಳಿದಿತ್ತು. ಆ ಕಿರಿದಾದ ಜಾಗದಲ್ಲಿ ರಕ್ತ ರಭಸವಾಗಿ ನುಗ್ಗುವ ಸದ್ದೇ ನಿಮ್ಮ ಡಾಕ್ಟರಿಗೆ ಕೇಳಿದ ಮರ್ಮರ್. "ಎಡದಿಂದ ಬಲಕ್ಕೆ" ಅನ್ನುವುದು ಕೆಟ್ಟ ಸುದ್ದಿ ಎಂದುಕೊಂಡಿದ್ದೀರೇನೋ. ಅದು ಸಮಾಧಾನದ ಸಾಲು. ಗರ್ಭದಲ್ಲಿ ಈ ದಾರಿಗಳಲ್ಲಿ ಹರಿವು ಬಲದಿಂದ ಎಡಕ್ಕೆ. ದಿಕ್ಕು ತಿರುಗಿದೆ ಎಂದರೆ ಶ್ವಾಸಕೋಶದ ಒತ್ತಡ ಇಳಿದಿದೆ, ದೇಹದ ಒತ್ತಡ ಏರಿದೆ, ಆಗಬೇಕಾದ ಬದಲಾವಣೆ ಆಗಿದೆ ಎಂದೇ ಅರ್ಥ.

ಈಗ ನಿಮ್ಮ ತಾಯಿಯವರ ಮಾತಿಗೆ ಬರುತ್ತೇನೆ. ಅದರಲ್ಲಿ ಒಂದಷ್ಟು ಸತ್ಯವಿದೆ. ಉಸಿರು ತುಂಬ ಹೊತ್ತು ಸರಿಯಾಗದಿದ್ದರೆ ಶ್ವಾಸಕೋಶದ ನಾಳಗಳು ಬಿಗಿದೇ ಉಳಿದು, ಗರ್ಭದ ಹರಿವೇ ಮುಂದುವರಿಯಬಹುದು. ಇದಕ್ಕೆ ಪಿಪಿಎಚ್‌ಎನ್ ಎನ್ನುತ್ತೇವೆ. ಹೊಟ್ಟೆಯೊಳಗೇ ಮಲ ಮಾಡಿ ಅದನ್ನು ಶ್ವಾಸಕೋಶಕ್ಕೆ ಎಳೆದುಕೊಂಡ ಮಕ್ಕಳಲ್ಲಿ ಇದನ್ನು ಕಾಣುತ್ತೇವೆ. ಆ ಮಕ್ಕಳು ನೀಲಿಗಟ್ಟುತ್ತಾರೆ, ಎನ್‌ಐಸಿಯುನಲ್ಲಿ ವೆಂಟಿಲೇಟರ್ ಬೇಕಾಗುತ್ತದೆ, ಎಕೋದಲ್ಲಿ ಹರಿವು ಬಲದಿಂದ ಎಡಕ್ಕೆ ಕಾಣುತ್ತದೆ. ನಿಮ್ಮ ಮಗುವಿನ ವರದಿ ಇದಕ್ಕೆ ತದ್ವಿರುದ್ಧ. ಶ್ವಾಸಕೋಶ ತೆರೆಯಲು ಬೇಕಾದದ್ದು ಒಳಗೆ ಹೋಗುವ ಗಾಳಿ, ಅಳುವಿನ ಸದ್ದಲ್ಲ. ಮಾಸ್ಕ್ ಇಟ್ಟು ಗಾಳಿ ಒತ್ತಿದಾಗ ಆದದ್ದು ಅದೇ. ನೋವು ಶುರುವಾಗುವ ಮೊದಲೇ ಸಿಸೇರಿಯನ್ ಆದರೆ ಶ್ವಾಸಕೋಶದ ದ್ರವ ಖಾಲಿಯಾಗುವುದು ತುಸು ನಿಧಾನ, ಅಂಥ ಮಕ್ಕಳಿಗೆ ಮೊದಲ ನಿಮಿಷದಲ್ಲಿ ಸಹಾಯ ಬೇಕಾಗುವುದು ಅಪರೂಪವೇನಲ್ಲ.

ಆ ಹೊತ್ತಿನಲ್ಲಿ ವಾರ್ಮರ್ ಮೇಲೆ ಮಗುವಿನ ಬಲ ಮಣಿಕಟ್ಟಿಗೆ ಕೆಂಪು ದೀಪದ ಸಣ್ಣ ಪಟ್ಟಿ ಸುತ್ತಿದ್ದನ್ನು ನೀವು ನೋಡಿರಬಹುದು. ಬಲಗೈಯೇ ಯಾಕೆಂದರೆ, ಆ ಕೈಗೆ ಹೋಗುವ ನಾಳ ಮಹಾಪಧಮನಿಯಿಂದ ಕವಲೊಡೆಯುವುದು ಡಕ್ಟಸ್ ಬಂದು ಸೇರುವ ಜಾಗಕ್ಕಿಂತ ಮೊದಲು. ಅಲ್ಲಿ ಸಿಗುವುದು ಮೆದುಳಿಗೆ ಹೋಗುವ ರಕ್ತದ ನಿಜವಾದ ಅಳತೆ. ಪೂರ್ತಿ ಆರೋಗ್ಯದ ಮಗುವಿಗೂ ಒಂದನೇ ನಿಮಿಷದಲ್ಲಿ ಅದು 60ರಿಂದ 65 ಪರ್ಸೆಂಟ್ ಅಷ್ಟೇ ಇರುತ್ತದೆ. ಐದನೇ ನಿಮಿಷಕ್ಕೆ 80–85, ಹತ್ತನೇ ನಿಮಿಷಕ್ಕೆ 85–95. ಹುಟ್ಟಿದ ಮಗು ಮೊದಲ ನಿಮಿಷಗಳಲ್ಲಿ ನಸುನೀಲಿ ಕಾಣುವುದು ಅದಕ್ಕೇ. ದಾರಿಗಳು ಒಂದೇ ಏಟಿಗೆ ಬದಲಾಗುವುದಿಲ್ಲ.

ನೋವಿನ ಮಾತ್ರೆಯ ಕಥೆ. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ಮಾತ್ರೆಗಳು ಪ್ರೋಸ್ಟಾಗ್ಲಾಂಡಿನ್ ತಯಾರಿಯನ್ನೇ ತಡೆಯುತ್ತವೆ. ಮೇಲೆ ಹೇಳಿದ್ದನ್ನು ನೆನಪಿಸಿಕೊಂಡರೆ ಪರಿಣಾಮ ನೀವೇ ಊಹಿಸಬಹುದು: ಹುಟ್ಟುವ ಮೊದಲೇ ಡಕ್ಟಸ್ ಕಿರಿದಾಗುವ ಅಪಾಯ. ಕೊನೆಯ ತಿಂಗಳುಗಳಲ್ಲಿ ಇವನ್ನು ಬೇಡ ಎನ್ನುವುದು ಇದೇ ಕಾರಣಕ್ಕೆ, ಮುಂದಿನ ಬಸಿರಿನಲ್ಲೂ ಕೇಳದೆ ತೆಗೆದುಕೊಳ್ಳುವುದು ಬೇಡ. ಆದರೆ ಹಾಗೇನಾದರೂ ಆಗಿದ್ದರೆ ಹೃದಯದ ಬಲಗಡೆ ಮತ್ತು ಶ್ವಾಸಕೋಶದ ಒತ್ತಡದಲ್ಲಿ ಗುರುತು ಸಿಗುತ್ತಿತ್ತು. ನಿಮ್ಮ ವರದಿಯಲ್ಲಿ ಒತ್ತಡ ಸಹಜವಾಗಿದೆ, ಡಕ್ಟಸ್ ತೆರೆದೇ ಇದೆ. ಯಾವ ಮಾತ್ರೆ ಎಂದು ನಿಮ್ಮ ಡಾಕ್ಟರಿಗೆ ತಿಳಿಸಿ, ಅಲ್ಲಿಗೆ ಆ ಮಾತು ಬಿಡಿ. ಬಾಣಂತಿಯನ್ನು ಇನ್ನು ಆ ಬಗ್ಗೆ ಕೆದಕಬೇಡಿ.

ಪರಿಚಯದ ನರ್ಸ್ ಹೇಳಿದ್ದು ಎಲ್ಲಿಂದ ಬಂತೆಂದೂ ಗೊತ್ತಾಗುತ್ತದೆ. ಅವರು ಬಹುಶಃ ಎನ್‌ಐಸಿಯುನಲ್ಲಿ ಕೆಲಸ ಮಾಡಿದ್ದಾರೆ. ಇಪ್ಪತ್ತೇಳು, ಇಪ್ಪತ್ತೆಂಟು ವಾರಕ್ಕೆ ಹುಟ್ಟಿದ ಮಕ್ಕಳಲ್ಲಿ ಡಕ್ಟಸ್ ಗೋಡೆ ತೆಳು, ಪ್ರೋಸ್ಟಾಗ್ಲಾಂಡಿನ್ ಪ್ರಭಾವ ಜಾಸ್ತಿ. ಒಮ್ಮೆ ಬಿಗಿದರೂ ಒಳಪದರ ಸಾಯುವಷ್ಟು ಬಿಗಿಯುವುದಿಲ್ಲ, ಮತ್ತೆ ತೆರೆದುಕೊಳ್ಳುತ್ತದೆ. ಅದು ದೊಡ್ಡದಾಗಿ ಉಳಿದು ಶ್ವಾಸಕೋಶಕ್ಕೆ ರಕ್ತ ಜಾಸ್ತಿಯಾದರೆ, ಅಂಥ ಕೆಲವರಿಗೆ ಐಬುಪ್ರೊಫೆನ್ ಅಥವಾ ಪ್ಯಾರಾಸಿಟಮಾಲ್ ಕೊಡುವುದುಂಟು. ಆಸ್ಪತ್ರೆಯಲ್ಲಿ ಡೋಸ್ ಲೆಕ್ಕ ಹಾಕಿ, ಮೂತ್ರ, ರಕ್ತ, ಮೂತ್ರಪಿಂಡ, ಪಿತ್ತಜನಕಾಂಗ ಎಲ್ಲದರ ಮೇಲೆ ಕಣ್ಣಿಟ್ಟು ಕೊಡುತ್ತಾರೆ. ತಿಂಗಳು ತುಂಬಿದ ಮಗುವಿನಲ್ಲಿ ಡಕ್ಟಸ್ ಮುಚ್ಚದೆ ಉಳಿದರೆ ಕಾರಣ ಗೋಡೆಯ ರಚನೆಯಲ್ಲಿರುತ್ತದೆ, ಹಾಗಾಗಿ ಪ್ರೋಸ್ಟಾಗ್ಲಾಂಡಿನ್ ತಡೆದು ಏನೂ ಸಿಗುವುದಿಲ್ಲ. ಮನೆಯಲ್ಲಿ ಡ್ರಾಪ್ಸ್ ಕೊಡುತ್ತ ಹೋದರೆ ಪಿತ್ತಜನಕಾಂಗಕ್ಕೆ ಹೊರೆ. ಇನ್ನೂ ದೊಡ್ಡ ತೊಂದರೆ ಎಂದರೆ ಜ್ವರ ಮರೆಯಾಗುತ್ತದೆ. ಈ ವಯಸ್ಸಿನ ಮಗುವಿಗೆ ಜ್ವರ ಬಂದರೆ ಅದು ಸೋಂಕಿನ ಮೊದಲ ಸುಳಿವಾಗಿರಬಹುದು, ಅದು ಕಾಣಬೇಕು.

ಈಗ ನೀವು ಕೇಳದ, ಆದರೆ ನಾನು ಹೆಚ್ಚು ಗಮನಿಸಿದ ಸಾಲು: "ಮಹಾಪಧಮನಿಯ ಕಮಾನು ಸಹಜ." ಎಳೆ ಮಕ್ಕಳ ಹೃದ್ರೋಗದಲ್ಲಿ ನಾವು ಡಕ್ಟಸ್ ತೆರೆದಿರುವುದಕ್ಕಿಂತ ಅದು ಮುಚ್ಚುವುದಕ್ಕೆ ಹೆದರುವ ಸಂದರ್ಭಗಳಿವೆ. ಕೆಲವು ಮಕ್ಕಳಿಗೆ ಶ್ವಾಸಕೋಶಕ್ಕೆ ಹೋಗುವ ಕವಾಟವೇ ಮುಚ್ಚಿರುತ್ತದೆ. ಕೆಲವರಿಗೆ ಮಹಾಪಧಮನಿ ಒಂದು ಕಡೆ ಕಿರಿದಾಗಿರುತ್ತದೆ, ಕೆಲವರಿಗೆ ಎರಡು ದೊಡ್ಡ ನಾಳಗಳು ಅದಲುಬದಲಾಗಿರುತ್ತವೆ. ಡಕ್ಟಸ್ ತೆರೆದಿರುವ ತನಕ ಆ ಮಕ್ಕಳು ಚೆನ್ನಾಗಿಯೇ ಕಾಣಬಹುದು, ಮನೆಗೂ ಹೋಗಿರಬಹುದು. ಡಕ್ಟಸ್ ಮುಚ್ಚಿದ ದಿನ ಕುಸಿಯುತ್ತಾರೆ. ಆಗ ನಾವು ಪ್ರೋಸ್ಟಾಗ್ಲಾಂಡಿನ್ ಅನ್ನೇ ಡ್ರಿಪ್‌ನಲ್ಲಿ ಕೊಟ್ಟು ಡಕ್ಟಸ್ ತೆರೆಸಿ, ಆಪರೇಷನ್‌ಗೆ ಸಮಯ ಪಡೆಯುತ್ತೇವೆ. ಮನೆಗೆ ಕಳಿಸುವ ಮೊದಲು ಬಲಗೈ ಮತ್ತು ಒಂದು ಪಾದ ಎರಡಕ್ಕೂ ಆಕ್ಸಿಮೀಟರ್ ಹಾಕಿ ನೋಡುವುದು ಇಂಥವರನ್ನು ಹಿಡಿಯಲು. ಎರಡು ಕಡೆಯ ಅಳತೆಯಲ್ಲಿ 3 ಪರ್ಸೆಂಟ್‌ಗಿಂತ ಹೆಚ್ಚು ಅಂತರ ಉಳಿದರೆ ಅಥವಾ 95 ಮುಟ್ಟದೆ ಇದ್ದರೆ ಮತ್ತೆ ನೋಡುತ್ತೇವೆ, 90ಕ್ಕಿಂತ ಕೆಳಗಿದ್ದರೆ ಕಾಯುವ ಮಾತೇ ಇಲ್ಲ.

ನಿಮ್ಮ ಎಕೋದಲ್ಲಿ ಇದ್ಯಾವುದೂ ಇಲ್ಲ. ಒಂದೇ ಒಂದು ಎಚ್ಚರಿಕೆ ಇದೆ. ಕಮಾನಿನ ಕಿರಿದು ಡಕ್ಟಸ್ ತೆರೆದಿರುವಾಗ ಸರಿಯಾಗಿ ಕಾಣದೆ ಹೋಗಬಹುದು. ಹಾಗಾಗಿ ಮೂರು ತಿಂಗಳು ಕಾಯುವುದರ ನಡುವೆ, ಎರಡು ವಾರ ತುಂಬುವ ಹೊತ್ತಿಗೊಮ್ಮೆ ಮಕ್ಕಳ ಡಾಕ್ಟರ ಹತ್ತಿರ ಹೋಗಿ ತೊಡೆಸಂದಿಯ ನಾಡಿ ನೋಡಿಸಿ. ಬೆರಳಿಟ್ಟು ನೋಡುವ ಅರ್ಧ ನಿಮಿಷದ ಕೆಲಸ. ಅಲ್ಲಿ ನಾಡಿ ಚೆನ್ನಾಗಿ ಸಿಕ್ಕರೆ ಆ ಅನುಮಾನವೂ ಬಹುಮಟ್ಟಿಗೆ ಹೋಗುತ್ತದೆ.

ಮೂರು ತಿಂಗಳಿಗೆ ಏನಾಗಬಹುದು? ಇಂಥ ಸಣ್ಣ ಪಿಡಿಎ ಆ ಹೊತ್ತಿಗೆ ಮುಚ್ಚಿರುವ ಸಾಧ್ಯತೆಯೇ ಹೆಚ್ಚು. ಮುಚ್ಚದಿದ್ದರೆ ತಾನಾಗಿ ಮುಚ್ಚುವ ಆಸೆ ಆಮೇಲೆ ಕಡಿಮೆಯಾಗುತ್ತ ಬರುತ್ತದೆ. ಆಗಲೂ ಅವಸರವಿಲ್ಲ. ಮರ್ಮರ್ ಕೇಳದಷ್ಟು ಸಣ್ಣದಾಗಿ, ಎಕೋದಲ್ಲಷ್ಟೇ ಕಾಣುತ್ತಿದ್ದರೆ ಸಾಮಾನ್ಯವಾಗಿ ಹಾಗೇ ಬಿಡುತ್ತೇವೆ. ಮರ್ಮರ್ ಕೇಳುತ್ತಲೇ ಇದ್ದರೆ, ಅಥವಾ ಹೃದಯದ ಎಡಗಡೆ ಹಿಗ್ಗುತ್ತಿದ್ದರೆ ಮುಚ್ಚುವುದು ಒಳ್ಳೆಯದು. ಬಿಟ್ಟರೆ ವರ್ಷಗಳ ಮೇಲೆ ಹೃದಯಕ್ಕೆ ಹೊರೆ, ಆ ಜಾಗದಲ್ಲಿ ಸೋಂಕು ಕೂರುವ ಸಣ್ಣ ಅಪಾಯ. ಮಗುವಿಗೆ ತೊಂದರೆ ಇಲ್ಲದಿದ್ದರೆ ವರ್ಷದ ಆಸುಪಾಸಿನವರೆಗೆ, ತೂಕ ಚೆನ್ನಾಗಿ ಬರುವವರೆಗೆ ಕಾಯುತ್ತೇವೆ. ತೊಡೆಯ ರಕ್ತನಾಳದಿಂದ ತೆಳುವಾದ ನಳಿಕೆ ಹಾಯಿಸಿ ಡಕ್ಟಸ್ ಒಳಗೆ ಲೋಹದ ಜಾಲರಿಯ ಸಣ್ಣ ಬಿರಡೆ ಕೂರಿಸುತ್ತೇವೆ, ಎದೆ ಕೊಯ್ಯುವುದಿಲ್ಲ. ಅಪಾಯವೇ ಇಲ್ಲ ಎನ್ನಲಾರೆ: ಬಿರಡೆ ಜಾರಿ ಬೇರೆಡೆ ಹೋಗಿ ಕೂರಬಹುದು, ತೀರ ಸಣ್ಣ ಮಕ್ಕಳಲ್ಲಿ ಕಾಲಿನ ರಕ್ತನಾಳಕ್ಕೆ ಪೆಟ್ಟಾಗಬಹುದು. ಕಾಯುವುದರ ಲಾಭ ಇದರಲ್ಲೇ ಇದೆ, ನಾಳಗಳು ದೊಡ್ಡದಾದಷ್ಟೂ ಈ ತೊಂದರೆ ಕಡಿಮೆ. ಆಪರೇಷನ್ ಮಾಡಿ ಕಟ್ಟುವುದು ಹಳೆಯ ವಿಧಾನ. 1938ರಲ್ಲಿ ಬಾಸ್ಟನ್‌ನಲ್ಲಿ ರಾಬರ್ಟ್ ಗ್ರಾಸ್ ಎಂಬ ಸರ್ಜನ್ ಏಳು ವರ್ಷದ ಹುಡುಗಿಗೆ ಮೊದಲ ಬಾರಿ ಯಶಸ್ವಿಯಾಗಿ ಮಾಡಿದರು. ಈಗ ಬಿರಡೆ ಹೊಂದದ ಆಕಾರದ ಡಕ್ಟಸ್‌ಗಷ್ಟೇ ಅದು ಬೇಕಾಗುತ್ತದೆ. ಪಕ್ಕದಲ್ಲೇ ಧ್ವನಿಪೆಟ್ಟಿಗೆಯ ನರ ಹಾದುಹೋಗುವುದರಿಂದ ಕೆಲವರಿಗೆ ದನಿ ಗೊಗ್ಗರಾಗುವುದುಂಟು.

ಖರ್ಚಿನ ಚಿಂತೆ ಬಂದರೆ, ಮಕ್ಕಳ ಹುಟ್ಟು ಹೃದ್ರೋಗ ಸರ್ಕಾರದ ಆರ್‌ಬಿಎಸ್‌ಕೆ ಯೋಜನೆಯ ಪಟ್ಟಿಯಲ್ಲಿದೆ. ಜಿಲ್ಲಾಸ್ಪತ್ರೆಯಲ್ಲಿ ವಿಚಾರಿಸಿ, ಅಲ್ಲಿಂದ ಮುಂದಿನ ಆಸ್ಪತ್ರೆಗೆ ಬರೆದುಕೊಡುತ್ತಾರೆ.

ಅಲ್ಲಿಯವರೆಗೆ ಮನೆಯಲ್ಲಿ ನೋಡಬೇಕಾದದ್ದು ಹಾಲು ಕುಡಿಯುವ ರೀತಿ. ಪಿಡಿಎ ಹೊರೆಯಾದರೆ ಮೊದಲು ಗೊತ್ತಾಗುವುದು ಅಲ್ಲಿಯೇ. ಎರಡು ಸಲ ಚೀಪಿ ಬಿಡುವುದು, ಏದುಸಿರು, ಹಾಲು ಕುಡಿಯುವಾಗ ಹಣೆಯಲ್ಲಿ ಬೆವರು, ಅರ್ಧಕ್ಕೇ ನಿದ್ದೆಗೆ ಜಾರುವುದು. ಮಲಗಿದ್ದಾಗ ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎಳೆ ಮಕ್ಕಳ ಉಸಿರು ಒಮ್ಮೆ ಬೇಗ ಒಮ್ಮೆ ನಿಧಾನ, ಹಾಗಾಗಿ ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ತಪ್ಪುತ್ತದೆ. ಮತ್ತೆ ಮತ್ತೆ 60 ದಾಟುತ್ತಿದ್ದರೆ ತೋರಿಸಿ. ಹತ್ತು ದಿನ ಕಳೆದ ಮೇಲೆ ದಿನಕ್ಕೆ 20ರಿಂದ 30 ಗ್ರಾಂ ತೂಕ ಏರಬೇಕು. ಆಶಾ ಕಾರ್ಯಕರ್ತೆ ಬಂದಾಗ ತೂಕ ಹಾಕಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಚಳಿಗೆ ಕೈಕಾಲು ನೀಲಿಯಾದರೆ ಗಾಬರಿ ಬೇಡ, ನೋಡಬೇಕಾದದ್ದು ನಾಲಿಗೆ ಮತ್ತು ಒಸಡು. ಅವು ನೀಲಿಯಾದರೆ, ಮಗು ಬೂದಿ ಬಣ್ಣಕ್ಕೆ ತಿರುಗಿ ಹಾಲು ಬಿಟ್ಟರೆ, ಕಾಲು ತಣ್ಣಗಾಗಿ ಮಂಕಾದರೆ, ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಆಗಲೇ ಹೊರಡಿ.

ಉಳಿದಂತೆ ಎಲ್ಲ ಮಾಮೂಲಿ: ಎದೆಹಾಲು, ಸ್ನಾನ, ಹೊತ್ತುಹೊತ್ತಿಗೆ ಲಸಿಕೆ. ಒಂದನ್ನೂ ಮುಂದೂಡಬೇಡಿ. ಮಗು ಅತ್ತರೆ ತೂತು ದೊಡ್ಡದಾಗುತ್ತದೆ ಎಂದು ರಾತ್ರಿಯಿಡೀ ಎತ್ತಿಕೊಂಡೇ ಕೂರುವ ಅಜ್ಜಿಯರನ್ನು ನಾನು ಕಂಡಿದ್ದೇನೆ. ಹಾಗೇನೂ ಆಗುವುದಿಲ್ಲ. ಮೂರು ತಿಂಗಳ ಎಕೋಗೆ ಹೋಗುವಾಗ ಈಗಿನ ವರದಿ, ಡಿಸ್‌ಚಾರ್ಜ್ ಚೀಟಿ, ತೂಕ ಬರೆದ ತಾಯಿ ಕಾರ್ಡ್ ಮೂರನ್ನೂ ಒಯ್ಯಿರಿ. ಎಕೋ ಕೋಣೆಯ ಹೊರಗೆ ಕಾಯುವಾಗಲೇ ಹಾಲು ಕುಡಿಸಿ. ಮಲಗಿದ ಮಗುವಿನ ಎಕೋ ಸ್ಪಷ್ಟವಾಗಿ ಬರುತ್ತದೆ, ನಿದ್ದೆಯ ಔಷಧಿ ಕೊಡುವ ಪ್ರಮೇಯ ತಪ್ಪುತ್ತದೆ.